ಬೇಸಿಗೆ ಶಿಬಿರಕ್ಕೆ ಕರೆ–ಸೊಲ್ಲು ಕಟ್ಟುವುದು ಹೇಗೆ? ಉಪದೇಶವಿಲ್ಲದೆ ದಯೆಯನ್ನು ರೂಢಿಸುವ ಬಗೆ

ಬೇಸಿಗೆ ಶಿಬಿರದ ತಯಾರಿ ಆರಂಭವಾಗುತ್ತಿದ್ದಂತೆ ಶಿಕ್ಷಕರಿಂದಲೂ ಸ್ವಯಂಸೇವಕರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಮಕ್ಕಳು ಒಬ್ಬರನ್ನೊಬ್ಬರು ಹೊರಗಿಡದಂತೆ, ಗೇಲಿ ಮಾಡದಂತೆ ಕಲಿಸುವ ಘೋಷಣೆ ಅಥವಾ ಹಾಡು ಇದೆಯೇ? ನಾವು ಹೇಳಿಕೊಟ್ಟದ್ದನ್ನು ಮಕ್ಕಳು ಜೋರಾಗಿ ಕೂಗುತ್ತಾರೆ, ಆದರೆ ಅದು ಅವರ ನಡತೆಗೆ ಇಳಿಯುವುದಿಲ್ಲ.’ ಸಿದ್ಧ ಹಾಡೊಂದನ್ನು ಕೊಡುವುದಕ್ಕಿಂತ, ನಿಮ್ಮ ಶಿಬಿರಕ್ಕೆ ಹೊಂದುವುದನ್ನು ನೀವೇ ಕಟ್ಟಿಕೊಳ್ಳುವ ಕ್ರಮವನ್ನು ವಿವರಿಸುವುದು ಹೆಚ್ಚು ಉಪಯುಕ್ತವೆಂದು ಭಾವಿಸಿ ಈ ಲೇಖನ ಬರೆದಿದ್ದೇನೆ. ಎಂಟರಿಂದ ಹನ್ನೆರಡು ವರ್ಷದ ಸುಮಾರು 40 ಮಕ್ಕಳಿರುವ, ಹತ್ತು ದಿನಗಳ ಶಿಬಿರವನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಒಂದು ಉದಾಹರಣೆಯನ್ನು ಆರಂಭದಿಂದ ಬೆಳೆಸುತ್ತ ಹೋಗುತ್ತೇನೆ.

ಇಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ. ಮುಂದೆ ನಿಂತವರು ಹೇಳುವ ಸಾಲನ್ನು ‘ಕರೆ’ ಎಂದೂ, ಮಕ್ಕಳೆಲ್ಲ ಒಟ್ಟಾಗಿ ಓಗೊಟ್ಟು ಹೇಳುವ ಸಾಲನ್ನು ‘ಸೊಲ್ಲು’ ಎಂದೂ ಕರೆಯುತ್ತೇನೆ. ಕೋಲಾಟದ ಪದಗಳಲ್ಲಿ ಹಿಮ್ಮೇಳದವರು ಪ್ರತಿ ಸಾಲಿಗೂ ಮರಳಿ ಹಿಡಿಯುವ ಸೊಲ್ಲು, ಗೀಗೀ ಮೇಳದಲ್ಲಿ ಮುಖ್ಯ ಗಾಯಕರ ಹಿಂದೆ ನಿಂತವರು ಎಳೆದು ಹಾಡುವ ‘ಗೀಯ ಗಾ’, ರಾಜ್ಯೋತ್ಸವದ ಮೆರವಣಿಗೆಯಲ್ಲಿ ‘ಸಿರಿಗನ್ನಡಂ’ ಎಂದೊಡನೆ ಬರುವ ‘ಗೆಲ್ಗೆ’, ಇವೆಲ್ಲ ಇದೇ ಕಟ್ಟಿನವು. ಆದ್ದರಿಂದ ಈ ಕಟ್ಟನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅದು ಅವರ ಕಿವಿಯಲ್ಲಿ ಆಗಲೇ ಇದೆ.

ಮೊದಲು ಬೇಕಾದುದು

ವಾದ್ಯ ಬೇಕಿಲ್ಲ, ತಮಟೆ ಅಥವಾ ದಮ್ಮಡಿ ಇದ್ದರೆ ಕೊನೆಗೆ ಸೇರಿಸಿಕೊಳ್ಳಬಹುದು. ಒಂದು ನೋಟ್‌ಬುಕ್ಕು, ಗಡಿಯಾರ, ಹಾಗೂ ಕಟ್ಟಿದ್ದನ್ನು ಮೊದಲೇ ಹೇಳಿ ನೋಡಲು ಮೂರು ನಾಲ್ಕು ಮಕ್ಕಳು ಇದ್ದರೆ ಸಾಕು. ಈ ಮಕ್ಕಳು ಶಿಬಿರಕ್ಕೆ ಬರುವವರೇ ಆಗಿರಬೇಕಿಲ್ಲ. ಆದರೆ ಅವರಿಲ್ಲದೆ, ದೊಡ್ಡವರಷ್ಟೇ ಕೂತು ಹೇಳಿ ನೋಡಿ ಒಪ್ಪಿಕೊಂಡ ಸಾಲು ಮೈದಾನದಲ್ಲಿ ಬಹಳ ಸಲ ಎಡವುತ್ತದೆ.

1. ಗುಣವನ್ನಲ್ಲ, ಗಳಿಗೆಯನ್ನು ಆರಿಸಿ

‘ದಯೆ’, ‘ಸಹಬಾಳ್ವೆ’, ‘ಹಂಚಿಕೊಳ್ಳುವುದು’ ಎಂಬ ಗುಣದ ಹೆಸರಿನಿಂದ ಆರಂಭಿಸಿದರೆ ಉಪದೇಶ ಅಲ್ಲಿಯೇ ಹುಟ್ಟುತ್ತದೆ. ಅದರ ಬದಲು ಶಿಬಿರದ ದಿನಚರಿಯನ್ನು ಬೆಳಗಿನಿಂದ ಸಂಜೆಯವರೆಗೆ ಬರೆದುಕೊಂಡು, ಯಾವ ಗಳಿಗೆಯಲ್ಲಿ ಯಾವ ಮಗು ಒಂಟಿಯಾಗುತ್ತದೆ ಎಂದು ಹುಡುಕಿ. ಕುಡಿಯುವ ನೀರಿನ ನಲ್ಲಿಯ ಮುಂದಿನ ನೂಕುನುಗ್ಗಲು, ಕಬಡ್ಡಿಗೆ ತಂಡ ಆರಿಸುವಾಗ ಕೊನೆಗೆ ಉಳಿಯುವ ಹುಡುಗ, ಚಿತ್ರಕಲೆಯ ಅವಧಿಯಲ್ಲಿ ಬಣ್ಣದ ಪೆಟ್ಟಿಗೆ ತರದ ಹುಡುಗಿ, ಇಂತಹ ಗಳಿಗೆಗಳು ಪ್ರತಿ ಶಿಬಿರದಲ್ಲಿಯೂ ಇರುತ್ತವೆ.

ಅವುಗಳಲ್ಲಿ ಊಟದ ಸಾಲನ್ನು ನಾನು ಆರಿಸಿಕೊಳ್ಳುತ್ತೇನೆ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ಮೊದಲು ಬಂದವರು ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು ತಮ್ಮ ಗೆಳೆಯರಿಗೆ ಜಾಗ ಹಿಡಿಯುತ್ತಾರೆ. ಒಬ್ಬರೇ ಬಂದ ಮಗು ತಟ್ಟೆ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ. ಬೇರೆ ಶಾಲೆಯಿಂದ ಬಂದ ಮಗುವಿಗೆ ಇದು ಇಡೀ ದಿನದಲ್ಲಿ ಅತ್ಯಂತ ಕಷ್ಟದ ಗಳಿಗೆ. ಇದು ದಿನಕ್ಕೊಮ್ಮೆಯಾದರೂ ಬರುವುದರಿಂದ ಸೊಲ್ಲನ್ನು ಬಳಸಲು ಅವಕಾಶವೂ ದಿನಕ್ಕೊಮ್ಮೆಯಾದರೂ ಸಿಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಮಕ್ಕಳ ಬಾಯಲ್ಲಿ ‘ಜಾಗ ಉಂಟು’ ಎಂದು ಹೇಳಿಸುವ ಮೊದಲು ನಿಜವಾಗಿಯೂ ಜಾಗ ಇರುವಂತೆ ನೋಡಿಕೊಳ್ಳಿ. ಚಕ್ಕಳಮಕ್ಕಳ ಹಾಕಿ ಕೂರುವ ಒಂದು ಮಗುವಿಗೆ ಸುಮಾರು ಎರಡು ಅಡಿ ಬೇಕಾಗುತ್ತದೆ. 40 ಮಕ್ಕಳನ್ನು ಎರಡು ಸಾಲಾಗಿ ಕೂರಿಸುವುದಾದರೆ ಪ್ರತಿ ಸಾಲಿಗೆ 40 ಅಡಿ ಲೆಕ್ಕಕ್ಕೆ ಸರಿಯಾಗುತ್ತದೆ. ಅದಕ್ಕೆ ಇನ್ನೂ ನಾಲ್ಕು ಅಡಿ ಸೇರಿಸಿ, ಅಂದರೆ ಇಬ್ಬರ ಜಾಗವನ್ನು ಹೆಚ್ಚಾಗಿ ಹಾಸಿ. ಊರಿನಲ್ಲಿ ಜಾತಿಯ ಕಾರಣಕ್ಕೆ ಮಕ್ಕಳು ಬೇರೆ ಬೇರೆ ಸಾಲಿನಲ್ಲಿ ಕೂರುವ ರೂಢಿ ಸದ್ದಿಲ್ಲದೆ ನಡೆಯುತ್ತಿದ್ದರೆ, ಅದನ್ನು ಮುರಿಯುವ ಹೊಣೆ ಸಂಘಟಕರದ್ದೇ ಹೊರತು ಮಕ್ಕಳ ಸೊಲ್ಲಿನದ್ದಲ್ಲ. ಕೂರಿಸುವ ಕ್ರಮವನ್ನು ಮೊದಲ ದಿನವೇ ನೀವು ಸರಿಪಡಿಸಿ, ಆಮೇಲೆ ಸೊಲ್ಲನ್ನು ತನ್ನಿ. ದೊಡ್ಡವರು ಧೈರ್ಯ ಮಾಡದ ಕೆಲಸವನ್ನು ಎಂಟು ವರ್ಷದ ಮಗುವಿನ ಮೇಲೆ ಹೇರುವುದು ಸರಿಯಲ್ಲ.

2. ಸೊಲ್ಲನ್ನು ಮೊದಲು ಬರೆಯಿರಿ, ಕರೆಯನ್ನು ಆಮೇಲೆ

ಬಹಳ ಮಂದಿ ಕರೆಯಿಂದ ಆರಂಭಿಸುತ್ತಾರೆ. ‘ಎಲ್ಲರ ಜೊತೆ ಹೇಗಿರಬೇಕು?’ ಎಂದು ಮುಂದಾಳು ಕೇಳುವುದು, ‘ಪ್ರೀತಿಯಿಂದ ಇರಬೇಕು!’ ಎಂದು ಮಕ್ಕಳು ಕೂಗುವುದು ಇದರ ಸಾಮಾನ್ಯ ಮಾದರಿ. ಈ ಕಟ್ಟಿನಲ್ಲಿ ಮಗು ಮಾಡುತ್ತಿರುವುದು ಒಂದೇ ಕೆಲಸ: ದೊಡ್ಡವರು ಬಯಸಿದ ಉತ್ತರವನ್ನು ಒಪ್ಪಿಸುವುದು. ಉತ್ತರ ಸರಿಯಾಗಿದೆ, ಆದರೆ ತಟ್ಟೆ ಹಿಡಿದು ನಿಂತ ಮಗುವಿನ ಮುಂದೆ ಅದರಿಂದ ಏನೂ ಪ್ರಯೋಜನವಿಲ್ಲ. ಆ ಮಗುವನ್ನು ನೋಡಿ ಯಾರೂ ‘ಪ್ರೀತಿಯಿಂದ ಇರಬೇಕು’ ಎನ್ನುವುದಿಲ್ಲ.

ಹೀಗಾಗಿ ನಾನು ಒತ್ತಿ ಹೇಳುವ ನಿಯಮ ಒಂದೇ. ಸೊಲ್ಲು ಎಂಬುದು, ಆಟ ಮುಗಿದ ಮೇಲೆ, ನಿಜವಾದ ಗಳಿಗೆಯಲ್ಲಿ, ಒಂದು ಮಗು ಇನ್ನೊಂದು ಮಗುವಿಗೆ ಹಾಗೆಯೇ ಆಡಬಹುದಾದ ಮಾತಾಗಿರಬೇಕು. ಊಟದ ಸಾಲಿನಲ್ಲಿ ಆ ಮಾತು ಯಾವುದು? ‘ಇಲ್ಲಿ ಕೂರು, ಜಾಗ ಉಂಟು.’ ಇಷ್ಟೇ. ಅದರಲ್ಲಿ ಗುಣದ ಹೆಸರಿಲ್ಲ. ‘ಬೇಕು’, ‘ಬಾರದು’, ‘ಮಾಡೋಣ’ ಎಂಬ ಯಾವ ವಿಧಿಯೂ ಇಲ್ಲ. ಬಹಳಷ್ಟು ಮಕ್ಕಳು ಹೊಸ ಮಗುವನ್ನು ಕರೆಯದಿರುವುದಕ್ಕೆ ಕೆಟ್ಟ ಮನಸ್ಸಿಗಿಂತ ಸಂಕೋಚವೇ ದೊಡ್ಡ ಕಾರಣ. ಏನು ಹೇಳಬೇಕೆಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆಯುವುದಿಲ್ಲ. ನೂರು ಸಲ ಆಟವಾಗಿ ಹೇಳಿದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ, ಸಂಕೋಚಪಡುವ ಮಗುವೂ ಅದನ್ನು ಆಡಬಲ್ಲದು.

ಬರೆದ ಸೊಲ್ಲನ್ನು ಪರೀಕ್ಷಿಸಲು, ಒಂದು ಮಗುವನ್ನು ತಟ್ಟೆ ಹಿಡಿಸಿ ನಿಲ್ಲಿಸಿ, ಇನ್ನೊಂದು ಮಗುವಿನಿಂದ ಆ ಸಾಲನ್ನು ಸಾಧಾರಣ ಧ್ವನಿಯಲ್ಲಿ, ರಾಗವಿಲ್ಲದೆ ಹೇಳಿಸಿ. ಮಾತು ಸಹಜವಾಗಿ ಕೇಳಿಸಿದರೆ ಸೊಲ್ಲು ಸಿದ್ಧವಾಗಿದೆ. ಹೇಳುವ ಮಗು ನಾಚಿ ನಕ್ಕರೆ ಅಥವಾ ಭಾಷಣದ ಧಾಟಿ ಹಿಡಿದರೆ ಸಾಲನ್ನು ಬದಲಿಸಿ.

ನಿಮ್ಮ ಊರಿನ ಮಾತನ್ನೇ ಬಳಸಿ. ಕರಾವಳಿಯಲ್ಲಿ ‘ಇಲ್ಲಿ ಕೂರು, ಜಾಗ ಉಂಟು’ ಎಂಬುದು ಒಗ್ಗುತ್ತದೆ. ಮೈಸೂರು, ಮಂಡ್ಯದ ಕಡೆ ‘ಜಾಗ ಐತೆ’ ಎನ್ನಬಹುದು. ಧಾರವಾಡದ ಕಡೆ ‘ಇಲ್ಲಿ ಕೂಡು, ಜಾಗ ಐತಿ’ ಎಂದರೆ ಮಕ್ಕಳು ಅದನ್ನು ತಮ್ಮದೆಂದು ಹಿಡಿಯುತ್ತಾರೆ. ತುಳು ಮಾತಾಡುವ ಮಕ್ಕಳು ಹೆಚ್ಚಿದ್ದರೆ ‘ಮುಲ್ಪ ಕುಲ್ಲು, ಜಾಗೆ ಉಂಡು’ ಎಂಬ ಸಾಲು ಇದೇ ಅಳತೆಯಲ್ಲಿ ಕೂರುತ್ತದೆ. ಶಿಷ್ಟ ಕನ್ನಡದ ‘ಕುಳಿತುಕೊಳ್ಳು, ಸ್ಥಳವಿದೆ’ ಎಂಬುದನ್ನು ಯಾವ ಊರಿನ ಮಗುವೂ ಊಟದ ಸಾಲಿನಲ್ಲಿ ಆಡುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡಿ.

3. ಮಾತ್ರೆ ಎಣಿಸಿ

ನಲವತ್ತು ಮಕ್ಕಳು ಒಂದೇ ಉಸಿರಿನಲ್ಲಿ ಹೇಳುವ ಸಾಲಿಗೆ ಅಳತೆ ಬೇಕು. ಮಾತ್ರೆ ಎಂದರೆ ಉಚ್ಚಾರದ ಕಾಲವನ್ನು ಅಳೆಯುವ ಮಾನ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ನೆನಪಿರುತ್ತದೆ.

ನಮ್ಮ ಸೊಲ್ಲನ್ನು ಎಣಿಸೋಣ. ‘ಇಲ್ಲಿ’ ಎಂಬುದರಲ್ಲಿ ಒತ್ತಕ್ಷರದ ಹಿಂದಿರುವ ‘ಇ’ಗೆ ಎರಡು, ‘ಲ್ಲಿ’ಗೆ ಒಂದು, ಒಟ್ಟು ಮೂರು. ‘ಕೂರು’ ಮೂರು, ‘ಜಾಗ’ ಮೂರು, ‘ಉಂಟು’ ಮೂರು. ಹೀಗೆ ಮೂರು ಮೂರು ಮಾತ್ರೆಯ ನಾಲ್ಕು ಗುಂಪುಗಳು ದೊರೆಯುತ್ತವೆ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆಯಂತೆ ಸಾಲಿಗೆ ನಾಲ್ಕು ಚಪ್ಪಾಳೆ. ಉತ್ಸಾಹ ರಗಳೆಯದೂ ಮೂರು ಮಾತ್ರೆಯ ನಡೆಯೇ. ಕುಣಿಯುವ ಲಕ್ಷಣವಿರುವ ಈ ನಡೆ ಮಕ್ಕಳಿಗೆ ಬೇಗ ಹಿಡಿಸುತ್ತದೆ. ‘ಐತೆ’, ‘ಐತಿ’, ‘ಕೂಡು’ ಇವೂ ಮೂರು ಮಾತ್ರೆಯವೇ ಆಗಿರುವುದರಿಂದ ಊರಿನ ಮಾತಿಗೆ ತಕ್ಕಂತೆ ಬದಲಿಸಿದಾಗಲೂ ಲಯ ಕೆಡುವುದಿಲ್ಲ. ‘ಜಾಗ ಇದೆ’ ಎಂದು ಹೇಳಿಸುವುದಾದರೆ ‘ಇದೆ’ಗೆ ಎರಡೇ ಮಾತ್ರೆ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು ‘ಇದೇ’ ಎಂದರೆ ಅಳತೆ ತುಂಬುತ್ತದೆ. ಬೆಂಗಳೂರಿನ ಮಕ್ಕಳ ಬಾಯಿಗೆ ಸಹಜವಾಗಿ ಬರುವ ‘ಕೂತ್ಕೋ’ ಮಾತ್ರ ನಾಲ್ಕು ಮಾತ್ರೆಯದು. ಅದನ್ನು ಇಟ್ಟರೆ ಎರಡನೆಯ ಚಪ್ಪಾಳೆಯ ನಂತರ ಮಕ್ಕಳು ಚದುರುತ್ತಾರೆ. ಆಗ ‘ಬಾರೊ ಇಲ್ಲಿ, ಜಾಗ ಇದೇ’ ಎಂದು ಬದಲಿಸಿಕೊಳ್ಳಬಹುದು.

ಪ್ರಾಸಕ್ಕಾಗಿ ಹೆಣಗಬೇಡಿ. ಪ್ರಾಸ ಕೂರಿಸುವ ಆತುರದಲ್ಲಿಯೇ ‘ಪ್ರೀತಿ–ನೀತಿ’, ‘ಸ್ನೇಹ–ಮೋಹ’ ಎಂಬ ಒಣ ಜೋಡಿಗಳು ನುಸುಳುತ್ತವೆ. ಮಾತ್ರೆ ಸರಿಯಾಗಿದ್ದರೆ ಪ್ರಾಸವಿಲ್ಲದ ಸಾಲೂ ನಾಲಿಗೆಯಲ್ಲಿ ನಿಲ್ಲುತ್ತದೆ.

4. ಕರೆಯನ್ನು ಕಟ್ಟಿ

ಸೊಲ್ಲು ನಿಜವಾದ ಮಾತು. ಕರೆ ಆಟದ ಮಾತು. ಉಪದೇಶದಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಬಹುಪಾಲು ಕರೆಯಲ್ಲಿಯೇ ಇದೆ. ನಮ್ಮ ಉದಾಹರಣೆಗೆ ಹೊಳೆಯಬಹುದಾದ ಮೂರು ಕರೆಗಳನ್ನು ಒಂದೊಂದಾಗಿ ನೋಡೋಣ. ಮೂರೂ ಒಂದೇ ಅಳತೆಯವು, ಆದರೆ ಫಲ ಬೇರೆ ಬೇರೆ.

ಮೊದಲನೆಯದು ಹೀಗಿರಬಹುದು:

ತಟ್ಟೆ ಹಿಡಿದು ನಿಂತೆ ಯಾಕೆ?
ಇಲ್ಲಿ ಕೂರು, ಜಾಗ ಉಂಟು!

ಲಯ ಚೆನ್ನಾಗಿದೆ, ಸನ್ನಿವೇಶವೂ ಸ್ಪಷ್ಟವಾಗಿದೆ. ಆದರೆ ಆ ಹೊತ್ತಿನಲ್ಲಿ ನಿಜವಾಗಿ ತಟ್ಟೆ ಹಿಡಿದು ನಿಂತ ಮಗು ಒಂದಿದ್ದರೆ ನಲವತ್ತು ಕಣ್ಣುಜೋಡಿಗಳು ಅದರತ್ತ ತಿರುಗುತ್ತವೆ. ‘ಯಾಕೆ’ ಎಂಬ ಪ್ರಶ್ನೆ ಒಂಟಿಯಾಗಿರುವುದು ಅದರದೇ ತಪ್ಪೆಂಬಂತೆ ಕೇಳಿಸುತ್ತದೆ. ಹೊರಗುಳಿದ ಮಗುವನ್ನು ಬೆರಳು ಮಾಡಿ ತೋರಿಸುವ ಕರೆಯನ್ನು, ಅದೆಷ್ಟೇ ಸೊಗಸಾಗಿದ್ದರೂ, ಇಟ್ಟುಕೊಳ್ಳಬೇಡಿ.

ಎರಡನೆಯದು ಪ್ರಾಣಿಗಳನ್ನು ತರುತ್ತದೆ:

ತಟ್ಟೆ ಹಿಡಿದು ಆನೆ ಬಂತು
ಇಲ್ಲಿ ಕೂರು, ಜಾಗ ಉಂಟು!

ಆನೆಗೆ ಜಾಗ ಮಾಡಿಕೊಡಲು ಮಕ್ಕಳೆಲ್ಲ ನಗುತ್ತ ಸರಿಯುತ್ತಾರೆ. ಕಲ್ಪನೆ ಬಂದಿದೆ, ಬೋಧನೆ ಹೋಗಿದೆ. ಆದರೂ ಇಲ್ಲಿ ಮರೆಯಲ್ಲೊಂದು ಮುಳ್ಳಿದೆ. ದಪ್ಪಗಿರುವ ಮಗುವನ್ನು ‘ಆನೆ’ ಎಂದೂ, ಮೈಬಣ್ಣ ಕಪ್ಪಾಗಿರುವ ಮಗುವನ್ನು ‘ಕರಡಿ’ ಎಂದೂ, ಚುರುಕಾದವನನ್ನು ‘ಕೋತಿ’ ಎಂದೂ ಮಕ್ಕಳು ಗೇಲಿ ಮಾಡುವುದು ಸಾಮಾನ್ಯ. ಮರುದಿನ ಆ ದಪ್ಪ ಹುಡುಗಿ ಸಾಲಿನತ್ತ ಬಂದಾಗ ಯಾರೋ ಮೆಲ್ಲಗೆ ‘ಆನೆ ಬಂತು’ ಎಂದರೆ ನಿಮ್ಮ ಸೊಲ್ಲೇ ಗೇಲಿಯ ಆಯುಧವಾಗುತ್ತದೆ. ಕರೆಯಲ್ಲಿ ಬರುವ ಯಾವ ಹೆಸರೂ ಒಂದು ಮಗುವಿನ ಮೈಗೆ, ಬಣ್ಣಕ್ಕೆ, ಮನೆತನಕ್ಕೆ ಅಂಟಿಕೊಳ್ಳುವಂತಿರಬಾರದು.

ಮೂರನೆಯದರಲ್ಲಿ ಯಾರಿಗೂ ಅಂಟಿಕೊಳ್ಳದಷ್ಟು ದೂರದ ಅತಿಥಿಗಳು ಬರುತ್ತಾರೆ:

ತಟ್ಟೆ ಹಿಡಿದು ರೈಲು ಬಂತು
ಇಲ್ಲಿ ಕೂರು, ಜಾಗ ಉಂಟು!
ತಟ್ಟೆ ಹಿಡಿದು ಮೋಡ ಬಂತು
ಇಲ್ಲಿ ಕೂರು, ಜಾಗ ಉಂಟು!
ತಟ್ಟೆ ಹಿಡಿದು ಹೊಳೆಯು ಬಂತು
ಇಲ್ಲಿ ಕೂರು, ಜಾಗ ಉಂಟು!
ತಟ್ಟೆ ಹಿಡಿದು ನಾನು ಬಂದೆ
ಇಲ್ಲಿ ಕೂರಿ, ಜಾಗ ಉಂಟು!

ರೈಲಿಗೆ ಜಾಗ ಮಾಡಲು ಇಡೀ ಸಾಲು ಒಂದೇ ದಿಕ್ಕಿಗೆ ಸರಿಯಬೇಕಾಗುತ್ತದೆ. ಮೋಡವನ್ನು ಎಲ್ಲಿ ಕೂರಿಸುವುದೆಂದು ಮಕ್ಕಳು ತಲೆಯ ಮೇಲೆ ಕೈ ಎತ್ತುತ್ತಾರೆ. ಹೊಳೆ ಬಂದರೆ ಸಾಲು ಇಬ್ಭಾಗವಾಗುತ್ತದೆ. ಕೊನೆಯಲ್ಲಿ ಜಾಗ ಕೇಳುವವರು ಮುಂದಾಳುವೇ. ಈ ತಿರುವನ್ನು ಬಿಡಬೇಡಿ. ಅಲ್ಲಿಯವರೆಗೆ ಹೇಳಿಕೊಡುವ ಸ್ಥಾನದಲ್ಲಿದ್ದವರು ಆಗ ಮಕ್ಕಳ ನಡುವೆ ಜಾಗಕ್ಕಾಗಿ ಕಾದು ನಿಲ್ಲುತ್ತಾರೆ, ಮಕ್ಕಳು ಅವರಿಗೆ ಜಾಗ ಕೊಡುವವರಾಗುತ್ತಾರೆ. ಅಣ್ಣ, ಅಕ್ಕ ಎಂದು ಕರೆಯುವ ಹಿರಿಯರಿಗೆ ‘ಕೂರು’ ಎನ್ನಲು ಮಕ್ಕಳು ಹಿಂಜರಿಯುವುದರಿಂದ ‘ಕೂರಿ’ ಎಂದು ಮಾಡಿಕೊಂಡಿದೆ. ಅದೂ ಮೂರೇ ಮಾತ್ರೆ.

ಎಲ್ಲ ಕರೆಗಳಲ್ಲಿ ‘ತಟ್ಟೆ ಹಿಡಿದು’ ಎಂಬ ಆರಂಭವೂ, ಕೊನೆಯದರ ಹೊರತು ಉಳಿದವುಗಳಲ್ಲಿ ‘ಬಂತು’ ಎಂಬ ಮುಕ್ತಾಯವೂ ಬದಲಾಗದೆ ಇರುವುದನ್ನು ಗಮನಿಸಿ. ‘ಬಂತು’ ಎಂಬುದು ಮಕ್ಕಳಿಗೆ ಬಾಗಿಲು ತೆರೆಯುವ ಸೂಚನೆ. ಆ ಪದ ಕೇಳಿದೊಡನೆ ತಮ್ಮ ಸರದಿ ಎಂದು ಅವರಿಗೆ ತಿಳಿಯುತ್ತದೆ, ನೀವು ಕೈಬೀಸಿ ಸೂಚಿಸಬೇಕಾಗಿಲ್ಲ. ಬದಲಾಗುವುದು ಮೂರನೆಯ ಪದ ಮಾತ್ರ. ಅದು ಮೂರು ಮಾತ್ರೆಯದಾಗಿದ್ದರೆ ಸಾಕು. ಬೆಟ್ಟ, ಬಸ್ಸು, ಗಾಳಿ, ತೇರು, ಲಾರಿ, ಎಲ್ಲವೂ ಹೊಂದುತ್ತವೆ.

5. ಮೈ, ವೇಗ, ಧ್ವನಿ

ಪ್ರತಿ ಪದಕ್ಕೂ ಒಂದು ಸನ್ನೆ ಇಡಿ. ‘ಇಲ್ಲಿ’ ಎಂದಾಗ ಪಕ್ಕದ ನೆಲವನ್ನು ತಟ್ಟುವುದು, ‘ಕೂರು’ ಎಂದಾಗ ಮತ್ತೊಮ್ಮೆ ತಟ್ಟುವುದು, ‘ಜಾಗ’ ಎಂದಾಗ ಎರಡೂ ಅಂಗೈ ಅಗಲಿಸುವುದು, ‘ಉಂಟು’ ಎಂದಾಗ ಚಪ್ಪಾಳೆ. ಕಿವಿ ಮಂದವಾಗಿರುವ ಮಗುವಿಗೂ, ಕನ್ನಡ ಇನ್ನೂ ಬಾರದ ಮಗುವಿಗೂ ಈ ಸನ್ನೆಯೇ ಸೊಲ್ಲಾಗುತ್ತದೆ. ಮುಂದೆ ನಿಜವಾದ ಊಟದ ಹೊತ್ತಿನಲ್ಲಿ ಮಾತಿಲ್ಲದೆ ನೆಲವನ್ನು ಎರಡು ಸಲ ತಟ್ಟಿದರೂ ಕರೆದಂತೆಯೇ.

ನಿಮಿಷಕ್ಕೆ ಸುಮಾರು 80 ಚಪ್ಪಾಳೆಯ ವೇಗ ಇಟ್ಟುಕೊಳ್ಳಿ. ಆಗ ಒಂದು ಸಾಲಿಗೆ ಮೂರು ಸೆಕೆಂಡು, ಕರೆ–ಸೊಲ್ಲಿನ ಒಂದು ಸುತ್ತಿಗೆ ಆರು ಸೆಕೆಂಡು ಬೇಕಾಗುತ್ತದೆ. ಮಕ್ಕಳ ಗುಂಪು ತನ್ನಷ್ಟಕ್ಕೆ ಓಟ ಹಿಡಿಯುತ್ತದೆ. ನಾಲ್ಕನೆಯ ಸುತ್ತಿನ ಹೊತ್ತಿಗೆ ಪದಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಾಗಾದಾಗ ‘ನಿಧಾನ’ ಎಂದು ಗದರಿಸದೆ ಮುಂದಿನ ಕರೆಯನ್ನು ಪಿಸುಮಾತಿನಲ್ಲಿ ಹೇಳಿ. ಪಿಸುಮಾತಿಗೆ ಮಕ್ಕಳೂ ಪಿಸುಮಾತಿನಲ್ಲಿಯೇ ಓಗೊಡುತ್ತಾರೆ, ಓಟವೂ ತಾನಾಗಿ ಇಳಿಯುತ್ತದೆ. ಒಂದು ಸಲಕ್ಕೆ ಆರು ಸುತ್ತು ಸಾಕು. ಇನ್ನೂ ಬೇಕೆಂದು ಮಕ್ಕಳು ಕೇಳುವಾಗಲೇ ನಿಲ್ಲಿಸಿ.

ಗಂಡಸರು ಕರೆ ಹೇಳುವಾಗ ಧ್ವನಿ ಬಹಳ ತಗ್ಗಿನಲ್ಲಿದ್ದರೆ ಮಕ್ಕಳಿಗೆ ಆ ಶ್ರುತಿಯನ್ನು ಹಿಡಿಯಲಾಗದೆ ಅವರು ಕಿರುಚತೊಡಗುತ್ತಾರೆ. ಹನ್ನೊಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯಿಂದಲೋ ಹುಡುಗನಿಂದಲೋ ಮೊದಲ ಕರೆಯನ್ನು ಹೇಳಿಸಿದರೆ ಎಲ್ಲರಿಗೂ ಒಗ್ಗುವ ಶ್ರುತಿ ಸಿಗುತ್ತದೆ. ‘ಇನ್ನೂ ಜೋರಾಗಿ! ಕೇಳಿಸಲಿಲ್ಲ!’ ಎಂಬ ರೂಢಿಯ ಮಾತನ್ನು ದಯವಿಟ್ಟು ಬಿಡಿ. ಕಿರುಚಿ ಹೇಳಿದ ‘ಇಲ್ಲಿ ಕೂರು’ ಆಹ್ವಾನವಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ.

6. ಕಲಿಸುವ ಹೊತ್ತು ಮತ್ತು ಕ್ರಮ

ಮೊದಲ ದಿನ ಬೆಳಿಗ್ಗೆ, ಊಟಕ್ಕೆ ಬಹಳ ಮುಂಚೆ, ಎಲ್ಲರೂ ವೃತ್ತಾಕಾರದಲ್ಲಿ ಕೂತಿರುವಾಗ ಕಲಿಸಿ. ಸೊಲ್ಲನ್ನು ಸನ್ನೆಯೊಂದಿಗೆ ಎರಡು ಸಲ ಹೇಳಿಕೊಟ್ಟು ನೇರವಾಗಿ ಕರೆಗೆ ಹೋಗಿ. ಇದು ಏತಕ್ಕೆ, ಇದರ ಅರ್ಥವೇನು ಎಂದು ವಿವರಿಸಬೇಡಿ. ಮುಗಿದ ಮೇಲೆ ‘ಇದರಿಂದ ನಾವು ಏನು ಕಲಿತೆವು?’ ಎಂದು ಕೇಳಲೇಬೇಡಿ. ಆ ಒಂದು ಪ್ರಶ್ನೆ ಆಟವನ್ನು ಪಾಠವನ್ನಾಗಿ ಮಾಡುತ್ತದೆ, ಮುಂದಿನ ಸಲ ಮಕ್ಕಳು ಸೊಲ್ಲಿನ ಬದಲು ನಿಮಗೆ ಬೇಕಾದ ಉತ್ತರವನ್ನು ಹುಡುಕತೊಡಗುತ್ತಾರೆ.

ಮಧ್ಯಾಹ್ನ, ಎಲ್ಲರೂ ಚಾಪೆಯ ಮೇಲೆ ಕೂತ ನಂತರ, ಬಡಿಸುವ ಮೊದಲು, ಎರಡು ಮೂರು ಸುತ್ತು ಹೇಳಿಸಿ. ಬಿಸಿ ಸಾರಿನ ಬಕೆಟ್ಟು ಸಾಲಿಗೆ ಬಂದ ಮೇಲೆ ಸರಿಯುವ ಆಟ ಬೇಡ, ಅದು ಅಪಾಯಕರ. ತಡವಾಗಿ ಬರುವ ಮಗುವಿಗಾಗಿ ಕಾದು, ಅದು ಬಂದಾಗಲೇ ಕರೆ ಎತ್ತುವುದೂ ಬೇಡ, ಏಕೆಂದರೆ ಆಗ ರೈಲು, ಮೋಡ ಎಲ್ಲ ನೆಪವೆಂದು ಆ ಮಗುವಿಗೆ ಕೂಡಲೇ ತಿಳಿಯುತ್ತದೆ.

ಸೊಲ್ಲು ಹೇಳದೆ ಸುಮ್ಮನೆ ಕೂತ ಮಗುವನ್ನು ಒತ್ತಾಯಿಸಬೇಡಿ. ಅದು ಕೇಳಿಸಿಕೊಳ್ಳುತ್ತಿದೆ, ಅಷ್ಟು ಸಾಕು.

7. ಕರೆಯನ್ನು ಮಕ್ಕಳಿಗೆ ಒಪ್ಪಿಸಿ

ಮೂರನೆಯ ದಿನದಿಂದ ಕರೆ ಹೇಳುವ ಸರದಿಯನ್ನು ಮಕ್ಕಳಿಗೆ ಕೊಡಿ. ಹನ್ನೊಂದು, ಹನ್ನೆರಡು ವರ್ಷದವರಿಗೆ ಅಷ್ಟು ಹೊತ್ತಿಗೆ ಇದು ಚಿಕ್ಕವರ ಆಟವೆನಿಸತೊಡಗಿರುತ್ತದೆ. ಹೊಸ ಅತಿಥಿಗಳನ್ನು ಹುಡುಕುವ ಕೆಲಸ ಕೊಟ್ಟರೆ ಅವರೇ ಮುಂದಾಗುತ್ತಾರೆ. ಒಂದೇ ನಿಯಮ ಹೇಳಿ: ಮೂರನೆಯ ಪದ ಒಂದು ಚಪ್ಪಾಳೆಯೊಳಗೆ ಮುಗಿಯಬೇಕು, ಅದು ಇಲ್ಲಿರುವ ಯಾರ ಹೆಸರೂ, ಯಾರ ಅಡ್ಡಹೆಸರೂ ಆಗಿರಬಾರದು. ಮಾತ್ರೆಯ ಲೆಕ್ಕವನ್ನು ಅವರಿಗೆ ಕಲಿಸಬೇಕಿಲ್ಲ. ಕೈ ತಪ್ಪಿದಾಗ ಕಿವಿಯೇ ಹೇಳುತ್ತದೆ. ಊಟದ ಕೊನೆಯಲ್ಲಿ, ಅಡುಗೆ ಮಾಡಿದವರು ತಮ್ಮ ತಟ್ಟೆ ಹಿಡಿದು ಬಂದಾಗ ‘ತಟ್ಟೆ ಹಿಡಿದು ಅಜ್ಜಿ ಬಂದ್ರು’ ಎಂದು ಮಕ್ಕಳು ತಾವೇ ಎತ್ತಿಕೊಂಡರೆ ಅದನ್ನು ತಡೆಯಬೇಡಿ. ಹಿರಿಯರನ್ನು ಗೌರವದಿಂದ ಕರೆಯುವುದಕ್ಕೂ ಒಂಟಿ ಮಗುವನ್ನು ಗುರುತಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಬಲ್ಲರು.

ನಡಿಗೆಗೆ ಬೇರೆ ಕಟ್ಟು

ಚಾರಣಕ್ಕೋ ಊರ ಸುತ್ತಿನ ನಡಿಗೆಗೋ ಕರೆದೊಯ್ಯುವಾಗ ಮೂರು ಮಾತ್ರೆಯ ಕುಣಿತ ಹೆಜ್ಜೆಗೆ ಹೊಂದುವುದಿಲ್ಲ. ಅಲ್ಲಿ ನಾಲ್ಕು ಮಾತ್ರೆಯ, ಮಂದಾನಿಲ ರಗಳೆಯಂತಹ ನಡೆ ಬೇಕು. ಇಲ್ಲಿನ ಕಷ್ಟವೂ ಬೇರೆ: ಮುಂದಿನವರು ಓಡುತ್ತಾರೆ, ನಿಧಾನವಾಗಿ ನಡೆಯುವ ಮಗು ಹಿಂದೆ ಉಳಿದು ಅವಮಾನಪಡುತ್ತದೆ. ಮುಂದಿನ ಸಾಲು ಕರೆಯುತ್ತದೆ, ಹಿಂದಿನ ಸಾಲು ಓಗೊಡುತ್ತದೆ:

ಹಿಂದಿನ ಸಾಲೇ, ಎಲ್ಲಿದ್ದೀರಿ?
ನಿಂತಿರಿ ನಿಂತಿರಿ, ಬಂದೆವು ಬಂದೆವು!

‘ಹಿಂದಿನ’, ‘ಸಾಲೇ’, ‘ನಿಂತಿರಿ’, ‘ಬಂದೆವು’ ಎಲ್ಲವೂ ನಾಲ್ಕು ಮಾತ್ರೆಯವು. ‘ಎಲ್ಲಿದ್ದೀರಿ’ಯ ಕೊನೆಯಲ್ಲಿ ಉಳಿಯುವ ಒಂದು ಮಾತ್ರೆ ಉಸಿರಿಗೆ. ಸೊಲ್ಲು ಕಿವಿಗೆ ಬೀಳುವವರೆಗೆ ಮುಂದಿನವರು ಹೆಜ್ಜೆ ಎತ್ತುವಂತಿಲ್ಲ ಎಂಬುದನ್ನು ಆಟದ ನಿಯಮವನ್ನಾಗಿ ಇಡಿ. ಕಾಯುವಂತೆ ಕೇಳುವುದು ಇಲ್ಲಿ ಹಿಂದಿನವರ ಹಕ್ಕಾಗುತ್ತದೆ, ಬೇಡಿಕೆಯಾಗಿ ಉಳಿಯುವುದಿಲ್ಲ. ಸಾಲಿನ ತೀರ ಕೊನೆಗೆ ಒಬ್ಬ ಹಿರಿಯರು ಇರಲಿ. ನಿಧಾನದ ಮಗುವನ್ನೇ ಕೊನೆಗೆ ಬಿಡಬೇಡಿ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಬಗೆ

ಸೊಲ್ಲಿನ ಅಬ್ಬರ ಅಳತೆಗೋಲಲ್ಲ. ಊಟಕ್ಕೆ ಕೂರುವಾಗ ಜಾಗ ಹಿಡಿಯಲು ಇಟ್ಟ ನೀರಿನ ಬಾಟಲಿಗಳನ್ನು ಮೊದಲ ದಿನವೂ ಐದನೆಯ ದಿನವೂ ದೂರದಿಂದ ಎಣಿಸಿ ಬರೆದಿಟ್ಟುಕೊಳ್ಳಿ. ಹಾಗೆಯೇ, ಯಾರೂ ಕರೆ ಹೇಳದ ಹೊತ್ತಿನಲ್ಲಿ ಸೊಲ್ಲಿನ ತುಣುಕುಗಳು ಕೇಳಿಸುತ್ತವೆಯೇ ಎಂದು ಕಿವಿಗೊಡಿ. ‘ಏ, ರೈಲು ಬಂತು, ಸರಿಯೋ’ ಎಂದು ತಮಾಷೆಯಾಗಿ ಆಡಿದರೂ ಅದು ಒಳ್ಳೆಯ ಲಕ್ಷಣವೇ, ಏಕೆಂದರೆ ಮಾತು ಆಗ ಮಕ್ಕಳ ಸ್ವತ್ತಾಗಿದೆ. ಸೊಲ್ಲು ಜೋರಾಗಿದ್ದೂ ಬಾಟಲಿಗಳು ಕಡಿಮೆಯಾಗದಿದ್ದರೆ, ಹೆಚ್ಚು ಸಲ ಹೇಳಿಸುವುದರಿಂದ ಫಲವಿಲ್ಲ. ಒಂದೇ ಶಾಲೆಯ ಮಕ್ಕಳು ಒಟ್ಟಿಗೆ ಬಂದು ಕೂರುತ್ತಿರಬಹುದು, ಸಾಲಿಗೆ ಜಾಗವೇ ಸಾಲದಿರಬಹುದು. ಅದನ್ನು ನೋಡಿ ಕೂರಿಸುವ ಕ್ರಮವನ್ನು ಬದಲಿಸಿ.

ಜಾಗ ಕೊಟ್ಟ ಮಗುವನ್ನು ಎಲ್ಲರ ಮುಂದೆ ಹೊಗಳುವುದು, ಬಹುಮಾನ ಕೊಡುವುದು ಬೇಡ. ಹಾಗೆ ಮಾಡಿದರೆ ಮರುದಿನದಿಂದ ನೀವು ನೋಡುತ್ತಿರುವಾಗ ಮಾತ್ರ ಜಾಗ ದೊರೆಯುತ್ತದೆ. ಅದಕ್ಕಿಂತ ಹಾನಿಕರವಾದುದು, ಒಂದು ಮಗು ಇನ್ನೊಂದನ್ನು ಆಗತಾನೇ ದೂರ ತಳ್ಳಿದ ಕ್ಷಣದಲ್ಲಿ ಕರೆಯನ್ನು ಎತ್ತುವುದು. ಆಗ ನಲವತ್ತು ಮಕ್ಕಳು ಸೇರಿ ಒಬ್ಬರನ್ನು ಗದರಿಸಿದಂತಾಗುತ್ತದೆ, ಸೊಲ್ಲು ಮತ್ತೆಂದೂ ಆಟವಾಗಿ ಮರಳುವುದಿಲ್ಲ. ಅಂತಹ ಜಗಳವನ್ನು ಆ ಇಬ್ಬರೊಂದಿಗೆ ಬೇರೆಯಾಗಿ, ಮೆಲುದನಿಯಲ್ಲಿ, ನೇರ ಮಾತಿನಲ್ಲಿ ಬಗೆಹರಿಸಿ.

ಒಂದು ಸೊಲ್ಲಿನ ಆಯುಷ್ಯ ಐದಾರು ದಿನ. ಮಕ್ಕಳು ಸನ್ನೆಯನ್ನು ಅರೆಮನಸ್ಸಿನಿಂದ ಮಾಡತೊಡಗಿದಾಗ, ಅಥವಾ ಕರೆ ಮುಗಿಯುವ ಮೊದಲೇ ಸೊಲ್ಲು ಹೇಳಿಬಿಡುವಾಗ, ಅದನ್ನು ಬಿಟ್ಟು ದಿನಚರಿಯ ಇನ್ನೊಂದು ಗಳಿಗೆಗೆ ಹೊಸದನ್ನು ಕಟ್ಟಿ. ನೀರಿನ ನಲ್ಲಿಯ ಸಾಲಿಗೆ ‘ನೀನು ಮೊದಲು, ನಾನು ಆಮೇಲೆ’ ಎಂಬ ಮಾತನ್ನು ಸೊಲ್ಲಾಗಿಸಲು ಹೊರಟರೆ, ‘ಮೊದಲು’ ಮೂರು ಮಾತ್ರೆ, ‘ಆಮೇಲೆ’ ಐದು ಮಾತ್ರೆ ಆಗುವುದನ್ನು ಗಮನಿಸಿ, ‘ನೀನು ಮೊದಲು, ನಾನು ಹಿಂದೆ’ ಎಂದು ಮೂರರ ನಾಲ್ಕು ಗುಂಪುಗಳಿಗೆ ತಿದ್ದಿಕೊಳ್ಳಿ. ಅದಕ್ಕೆ ‘ಲೋಟ ಹಿಡಿದು ಬಿಸಿಲು ಬಂತು’ ಎಂಬ ಕರೆ ಅದೇ ಅಳತೆಯಲ್ಲಿ ಕೂರುತ್ತದೆ.